ಎರಡು ರಾಜ, ಎದುರಿಗೆ ಒಂದು: ದೊಡ್ಡ ದಾರಿ ಯಾರ ಕೈಯಲ್ಲಿದೆ?

ರಷ್ಯನ್ ಡ್ರಾಫ್ಟ್ಸ್‌ನಲ್ಲಿ ರಾಜನಾದ ಕಾಯಿ ಓರೆಯಾಗಿ ಎಷ್ಟು ಮನೆ ಬೇಕಾದರೂ ಓಡುತ್ತದೆ. ದೂರದಿಂದಲೇ ಹೊಡೆದು, ಆಚೆಗೆ ಖಾಲಿ ಇರುವ ಯಾವ ಮನೆಯಲ್ಲಾದರೂ ಇಳಿಯುತ್ತದೆ. ಹೊಡೆಯಲು ಸಿಕ್ಕರೆ ಹೊಡೆಯಲೇಬೇಕು. ಅಂಚಿನ ಮನೆಯಲ್ಲಿ ಕೂತ ಕಾಯಿಯನ್ನು ಮಾತ್ರ ಹೊಡೆಯಲಾಗದು, ಅದರಾಚೆ ಇಳಿಯಲು ಜಾಗವಿಲ್ಲ. ಮುಂದಿನದೆಲ್ಲ ಈ ಕೊನೆಯ ಮಾತಿನ ಮೇಲೆ ನಿಂತಿದೆ.

ಮೊದಲು ಒಂಟಿ ರಾಜನ ಪಕ್ಷ. a1ರಿಂದ h8ರವರೆಗಿನ ಮುಖ್ಯ ಕರ್ಣವನ್ನು ಆಟಗಾರರು ದೊಡ್ಡ ದಾರಿ ಎನ್ನುತ್ತಾರೆ. ಒಂಟಿ ಕಪ್ಪು ರಾಜ ಅದನ್ನು ಹಿಡಿದಿದ್ದರೆ a1, h8 ಮೂಲೆಗಳ ನಡುವೆ ಓಡಾಡಿದರೆ ಸಾಕು, ಆಟ ಡ್ರಾ. ಬಿಳಿ ರಾಜ ದಾರಿಗೆ ಅಡ್ಡ ಬಂದರೆ ಅದನ್ನು ಹೊಡೆದು ಆಚೆ ಮೂಲೆಗೇ ಹೋಗಿ ಇಳಿಯಿರಿ. ನಡುದಾರಿಯಲ್ಲಿ ನಿಂತರೆ ಕೆಟ್ಟಿರಿ: a7ರಲ್ಲಿ ಬಿಳಿ ರಾಜ ಇರುವಾಗ d4ರಲ್ಲಿ ನಿಂತರೆ ಮರುನಡೆಯಲ್ಲೇ ಹೊಡೆತ ಬೀಳುತ್ತದೆ.

ದಾರಿ ಬಿಳಿಯ ಕೈಯಲ್ಲಿದ್ದರೆ ಲೆಕ್ಕ ಬೇರೆ. ಒಂದು ಬಿಳಿ ರಾಜ a1ರಲ್ಲಿ, ಇನ್ನೊಂದು a7ರಲ್ಲಿ, ಕಪ್ಪು ರಾಜ g1ರಲ್ಲಿ ಇರಲಿ. ನಡೆ ಬಿಳಿಯದಾದರೆ a1ರ ರಾಜನನ್ನು d4ಗೆ ತಂದು ಬಲಿ ಕೊಡಿ. ಕಪ್ಪು ಹೊಡೆಯಲೇಬೇಕು; a7ರಲ್ಲಿ ನಿಮ್ಮ ರಾಜ ಕೂತಿರುವುದರಿಂದ ಇಳಿಯಲು c5, b6 ಎರಡೇ ಮನೆ. ಎಲ್ಲಿ ಇಳಿದರೂ a7ರ ರಾಜ ಅದನ್ನು ಹೊಡೆಯುತ್ತಾನೆ. ಬಲಿ ಕೊಟ್ಟ ಕಾಯಿ ಎದ್ದುಹೋಗಿ ಹಿಂದಿನ ಮನೆ ಖಾಲಿಯಾಗಿರುತ್ತದೆ. ಕಪ್ಪು h2ರಲ್ಲಿ, ನಿಮ್ಮ ರಾಜ b8ರಲ್ಲಿ ಇದ್ದರೆ ಇದೇ ಬಲಿ e5ರಲ್ಲಿ.

ಕಪ್ಪು g1ರಲ್ಲಿದ್ದ ಆ ಮೊದಲ ಸ್ಥಿತಿಯಲ್ಲೇ ನಡೆ ಕಪ್ಪಿನದಾದರೆ ಅದಕ್ಕೆ ಉಳಿಯುವುದು h2 ಒಂದೇ. A7ರ ಸಾಲಿನಲ್ಲಿ ಎಲ್ಲಿ ಕಾಲಿಟ್ಟರೂ ಹೊಡೆತ. ನೀವು a7ರಿಂದ b8ಗೆ ಬನ್ನಿ. ಕಪ್ಪು g1ಗೆ ಮರಳಲೇಬೇಕು. ಇಲ್ಲಿ ಹಲವರು ತಪ್ಪುತ್ತಾರೆ: ತಿರುಗಿ a7ಗೆ ಹೋದರೆ ಇದೇ ಆಟ ಸುತ್ತುತ್ತಲೇ ಇರುತ್ತದೆ. ಬದಲಿಗೆ b8ರ ರಾಜನನ್ನು ಮುಟ್ಟದೆ a1ರದನ್ನು h8ಗೆ ಸರಿಸಿ ಒಂದು ನಡೆ ಕಳೆಯಿರಿ. ಕಪ್ಪು ಅಭ್ಯಾಸಬಲದಿಂದ h2ಗೆ ಹೋದರೆ h8ರ ರಾಜ e5ಗೆ ಬರುತ್ತಾನೆ, ಆಟ ಮುಗಿಯಿತು. d4ಗೆ ಬಂದರೂ h8ರಿಂದಲೇ ಹೊಡೆತ.

ಆದರೆ ಕಪ್ಪು ಈಗ e3ಗೋ a7ಗೋ ಓಡಿಹೋಗಬಹುದು. ಹೀಗಾಗಿ ದಾರಿ ಕೈಯಲ್ಲಿದ್ದರೂ ಎರಡು ರಾಜರಿಂದ ಗೆಲುವನ್ನು ಬಲವಂತವಾಗಿ ಪಡೆಯಲಾಗದು, ಎದುರಾಳಿ ಎಡವಬೇಕು. ಕಾಯುವ ರಾಜನನ್ನು ಸದಾ a1 ಅಥವಾ h8 ಮೂಲೆಯಲ್ಲೇ ಇಡಿ. ಆತುರಪಟ್ಟು, b8ಗೆ ಇನ್ನೊಬ್ಬ ರಾಜ ಬರುವ ಮುನ್ನವೇ e5ರಲ್ಲಿ ನಿಲ್ಲಿಸಿದರೆ h2ರ ಕಪ್ಪು ಅದನ್ನು ಪುಕ್ಕಟೆಯಾಗಿ ಹೊಡೆದುಕೊಂಡು ಹೋಗುತ್ತದೆ. ಖಚಿತ ಗೆಲುವಿಗೆ ಮೂರನೆಯ ರಾಜ ಬೇಕು. ಆಗ ದಾರಿ ನಿಮ್ಮದಾಗಿದ್ದರೆ ಪೆಟ್ರೋವ್ ತ್ರಿಕೋನ ಎಂಬ ವಿಧಾನದಿಂದ 15 ನಡೆಗಳೊಳಗೆ ಮುಗಿಸಬಹುದು.