ಕಾಫಿ ಕಣದ ತಡೆಗೋಡೆ: ಕಟ್ಟುವ ಮೊದಲು ಮೂರು ಲೆಕ್ಕ, ಕಟ್ಟುವಾಗ ಒಂದು ದಾರಿ

ಮೂಡಿಗೆರೆ ಕಡೆಯ ತೋಟಗಳಲ್ಲಿ ಸಮತಟ್ಟಾದ ಜಾಗ ಸಿಗುವುದೇ ಕಷ್ಟ. ಕಾಫಿ ಒಣಗಿಸಲು ಕಣ ಬೇಕೆಂದರೆ ಇಳಿಜಾರಿನ ಮೇಲ್ಭಾಗ ಕಡಿದು, ಆ ಮಣ್ಣನ್ನು ಕೆಳಭಾಗಕ್ಕೆ ತುಂಬಿ, ಅದರ ಅಂಚಿಗೆ ಕಲ್ಲಿನ ತಡೆಗೋಡೆ ಕಟ್ಟುತ್ತಾರೆ. ನಮ್ಮ ಸಂಬಂಧಿಕರೊಬ್ಬರ ಕಣದ ಗೋಡೆ ಎರಡು ಬೇಸಿಗೆ ಚೆನ್ನಾಗಿಯೇ ನಿಂತಿತ್ತು. ಮೂರನೇ ಮಳೆಗಾಲದಲ್ಲಿ ಒಂದು ಗೇಣು ಮುಂದೆ ಸರಿಯಿತು. ಕಲ್ಲು ಒಡೆದಿರಲಿಲ್ಲ, ಗಾರೆಯೂ ಬಿಟ್ಟಿರಲಿಲ್ಲ. ಇಡೀ ಗೋಡೆಯೇ ಜಾರಿತ್ತು. ಅಂಥದ್ದೇ ಒಂದು ಗೋಡೆಯ ಲೆಕ್ಕವನ್ನು ಇಲ್ಲಿ ಮಾಡಿ ನೋಡೋಣ.

ನಮ್ಮ ಗೋಡೆ ತಳದಿಂದ ತುದಿಗೆ 3 ಮೀಟರ್ ಎತ್ತರ. ಸಿಮೆಂಟ್ ಗಾರೆಯ ಸೈಜುಗಲ್ಲಿನ ಕಟ್ಟಡ. ಮಣ್ಣಿನ ಕಡೆಯ ಮುಖ ನೇರ, ಹೊರಮುಖ ಇಳಿಜಾರು. ಮೇಲೆ 0.6 ಮೀಟರ್ ದಪ್ಪ, ತಳದಲ್ಲಿ 1.5 ಮೀಟರ್ ಅಗಲ. ಲೆಕ್ಕವೆಲ್ಲ ಗೋಡೆಯ ಒಂದು ಮೀಟರ್ ಉದ್ದಕ್ಕೆ ಮಾತ್ರ.

ಮೊದಲು ಮಣ್ಣಿನ ನೂಕು

ಗೋಡೆಯ ಹಿಂದಿನ ಮಣ್ಣು ತನ್ನ ಭಾರದ ಒಂದು ಪಾಲನ್ನು ಅಡ್ಡಕ್ಕೆ ನೂಕುತ್ತದೆ. ಚೆನ್ನಾಗಿ ದಮ್ಮಸು ಮಾಡಿದ, ನೀರು ನಿಲ್ಲದ, ಗರಸು ಬೆರೆತ ಮಣ್ಣಿಗೆ ಈ ಪಾಲು ಸುಮಾರು ಮೂರರಲ್ಲಿ ಒಂದು. ಒಂದು ಘನ ಮೀಟರ್ ಮಣ್ಣು 1.8 ಟನ್ ತೂಗಿದರೆ, 3 ಮೀಟರ್ ಆಳದಲ್ಲಿ ಅಡ್ಡ ಒತ್ತಡ ಚದರ ಮೀಟರಿಗೆ 1.8 ಟನ್. ತುದಿಯಲ್ಲಿ ಸೊನ್ನೆ. ಹೀಗೆ ಕೆಳಗಿಳಿದಂತೆ ಹೆಚ್ಚುವುದರಿಂದ ಒಟ್ಟು ನೂಕು 1.8 × 3 ÷ 2, ಅಂದರೆ 2.7 ಟನ್. ಇದು ತಳದಿಂದ 1 ಮೀಟರ್ ಮೇಲೆ ತಳ್ಳಿದಂತೆ ಕೆಲಸ ಮಾಡುತ್ತದೆ.

ಮಗುಚುತ್ತದೆಯೇ?

ಗೋಡೆ ಮಗುಚುವುದಾದರೆ ಹೊರಗಡೆಯ ಕೆಳ ಅಂಚನ್ನು ಊರಿಕೊಂಡು ಮಗುಚಬೇಕು. ಆ ಅಂಚನ್ನು ಮುಂಗಾಲು ಅನ್ನೋಣ. ಮಗುಚಿಸುವ ಬಲ 2.7 ಟನ್, 1 ಮೀಟರ್ ಎತ್ತರದಲ್ಲಿ: 2.7 ಟನ್-ಮೀಟರ್. ತಡೆಯುವುದು ಗೋಡೆಯ ಭಾರ. ಘನ ಮೀಟರಿಗೆ 2.3 ಟನ್ನಿನಂತೆ ನೇರ ಭಾಗ 4.14 ಟನ್, ಮುಂಗಾಲಿನಿಂದ 1.2 ಮೀಟರ್ ದೂರ. ಇಳಿಜಾರು ಭಾಗ 3.1 ಟನ್, 0.6 ಮೀಟರ್ ದೂರ. ಎರಡೂ ಸೇರಿ ಸುಮಾರು 6.8 ಟನ್-ಮೀಟರ್. ಇದನ್ನು 2.7ರಿಂದ ಭಾಗಿಸಿದರೆ 2.5. ಸಾಮಾನ್ಯವಾಗಿ 2 ಇದ್ದರೆ ಸಾಕು. ಇಲ್ಲಿ ಪಾಸಾಯಿತು.

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಗೋಡೆ ಬೀಳುವುದು ಅಂದರೆ ಮಗುಚುವುದು ಅಂತಲೇ ನಮ್ಮ ಕಣ್ಣಿಗೆ ಕಾಣುವುದು, ಅಲ್ವಾ?

ಜಾರುತ್ತದೆಯೇ?

ಜಾರದಂತೆ ಹಿಡಿಯುವುದು ತಳ ಮತ್ತು ನೆಲದ ನಡುವಿನ ಘರ್ಷಣೆ. ಗರಸು ನೆಲವಾದರೆ ಗೋಡೆಯ ಭಾರದ ಅರ್ಧದಷ್ಟು ಹಿಡಿತ ಸಿಗುತ್ತದೆ ಅಂತ ಇಟ್ಟುಕೊಳ್ಳಬಹುದು. ಜೇಡಿಯಾದರೆ ಇನ್ನೂ ಕಡಿಮೆ. ಗೋಡೆಯ ಭಾರ 7.25 ಟನ್, ಹಿಡಿತ 3.6 ಟನ್, ನೂಕು 2.7 ಟನ್. ಭಾಗಿಸಿದರೆ 1.34. ಬೇಕಾದದ್ದು 1.5. ಮಗುಚುವ ಲೆಕ್ಕದಲ್ಲಿ ಧಾರಾಳವಾಗಿ ಗೆದ್ದ ಗೋಡೆ ಇಲ್ಲಿ ಸೋತಿತು.

ಗೋಡೆಯ ಮುಂದಿನ ಮಣ್ಣೂ ತಡೆಯುತ್ತದಲ್ಲ ಅಂತ ಮೇಸ್ತ್ರಿಗಳು ಹೇಳುತ್ತಾರೆ. ನಿಜ. ಆದರೆ ನಾಳೆ ಯಾರಾದರೂ ಅಲ್ಲೇ ಚರಂಡಿ ತೋಡಿದರೆ ಆ ಆಸರೆ ಹೋಯಿತು. ಅದನ್ನು ಲೆಕ್ಕಕ್ಕೆ ಹಿಡಿಯದಿರುವುದೇ ಒಳ್ಳೆಯದು.

ತಳವನ್ನು 1.8 ಮೀಟರಿಗೆ ಅಗಲಿಸೋಣ. ಭಾರ 8.28 ಟನ್ ಆಗುತ್ತದೆ, ಹಿಡಿತ 4.14. ಈಗ 1.53 ಬಂತು. ಮಗುಚದಂತೆ ತಡೆಯುವುದು 9.5 ಟನ್-ಮೀಟರ್ ಆಗಿ, ಮಗುಚುವ ಲೆಕ್ಕ 3.5ಕ್ಕೆ ಏರುತ್ತದೆ. ಪಾಯದ ತಳವನ್ನು ಮಟ್ಟಸ ಮಾಡದೆ ಗುಡ್ಡದ ಕಡೆಗೆ ಸ್ವಲ್ಪ ತಗ್ಗಿಸಿದರೆ ಜಾರುವುದು ಇನ್ನೂ ಕಷ್ಟ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ.

ನೆಲ ತಾಳುತ್ತದೆಯೇ?

ಮಣ್ಣಿನ ನೂಕಿನಿಂದ ಗೋಡೆಯ ಭಾರ ಮುಂಗಾಲಿನ ಕಡೆಗೆ ವಾಲುತ್ತದೆ. 1.8 ಮೀಟರಿನ ತಳಕ್ಕೆ ತಡೆಯುವ 9.5ರಿಂದ ಮಗುಚಿಸುವ 2.7 ಕಳೆದು, 8.28ರಿಂದ ಭಾಗಿಸಿ. 0.82 ಮೀಟರ್ ಬರುತ್ತದೆ. ಭಾರವೆಲ್ಲ ಮುಂಗಾಲಿನಿಂದ ಇಷ್ಟು ದೂರದಲ್ಲಿ ಇಳಿಯುತ್ತಿದೆ ಅಂತ ಅರ್ಥ. ತಳವನ್ನು ಮೂರು ಪಾಲು ಮಾಡಿದರೆ ಇದು ನಡುವಿನ ಪಾಲಿನೊಳಗೇ ಇದೆ. ಹಾಗಾಗಿ ಹಿಂಬದಿ ಎದ್ದೇಳುವುದಿಲ್ಲ. ಮುಂಗಾಲಿನಡಿ ಒತ್ತಡ ಚದರ ಮೀಟರಿಗೆ ಸುಮಾರು 5.8 ಟನ್, ಹಿಂಬದಿಯಲ್ಲಿ 3.4. ನೆಲ 10 ಟನ್ ತಾಳುವಂತಿದ್ದರೆ ಚಿಂತೆಯಿಲ್ಲ. ಆದರೆ ಪಾಯ ಹಳೆಯ ಗಟ್ಟಿ ನೆಲದ ಮೇಲೇ ಕೂರಬೇಕು. ತುಂಬಿದ ಮಣ್ಣಿನ ಮೇಲೆ ಈ ಲೆಕ್ಕ ನಡೆಯುವುದಿಲ್ಲ.

ಈಗ ಮಳೆಗಾಲ

ಇದುವರೆಗಿನ ಲೆಕ್ಕವೆಲ್ಲ ನೀರಿಲ್ಲದ ಮಣ್ಣಿನದು. ಹಿಂದೆ ನೀರು ಗೋಡೆಯ ತುದಿಯವರೆಗೂ ನಿಂತಿತು ಅನ್ನಿ. ಮಣ್ಣು ನೀರಿನಲ್ಲಿ ಮುಳುಗಿ ಹಗುರಾಗುತ್ತದೆ, ಅದರ ನೂಕು 1.5 ಟನ್ನಿಗೆ ಇಳಿಯುತ್ತದೆ. ಆದರೆ ನೀರು ಮಣ್ಣಿನ ಹಾಗೆ ಮೂರರಲ್ಲೊಂದು ಪಾಲು ನೂಕುವುದಿಲ್ಲ, ಪೂರ್ತಿ ನೂಕುತ್ತದೆ. ಅದೊಂದೇ 4.5 ಟನ್. ಒಟ್ಟು 6 ಟನ್.

ನಾವು ಅಗಲಿಸಿದ ಗೋಡೆಯ ಹಿಡಿತ 4.14 ಟನ್ ಮಾತ್ರ. ಗೋಡೆ ಜಾರಲೇಬೇಕು. ಇದೇ ಹೊತ್ತಿಗೆ ಮುಂಗಾಲಿನಡಿ ಒತ್ತಡ 13 ಟನ್ನಿಗೆ ಹಾರುತ್ತದೆ, ಹಿಂಬದಿ ನೆಲ ಬಿಡುತ್ತದೆ. ಮಗುಚುವ ಲೆಕ್ಕ ಮಾತ್ರ ಇನ್ನೂ 1.6ರಲ್ಲಿದೆ. ತಳದಡಿ ನುಗ್ಗಿದ ನೀರು ಗೋಡೆಯನ್ನು ಮೇಲೆತ್ತುವುದನ್ನು ಇನ್ನೂ ಸೇರಿಸಿಯೇ ಇಲ್ಲ. ನೀರು ಅರ್ಧ ಎತ್ತರಕ್ಕೆ ನಿಂತರೂ ನೂಕು 3.5 ಟನ್, ಜಾರುವ ಲೆಕ್ಕ 1.17. ನಮ್ಮ ಸಂಬಂಧಿಕರ ಗೋಡೆ ಮಗುಚದೆ ಹಾಗೇ ಮುಂದೆ ಸರಿದದ್ದು ಇದಕ್ಕೇ.

ನೀರಿಗೆ ದಾರಿ

ಗೋಡೆಗೆ ತೂತು ಬಿಟ್ಟರೆ ಸಾಲದು, ನೀರು ಆ ತೂತಿನವರೆಗೆ ಬರಬೇಕು. ನಮ್ಮ ಕೆಂಪು ಮಣ್ಣು ಜೇಡಿ ಬೆರೆತದ್ದು, ನೀರನ್ನು ಬೇಗ ಬಿಡುವುದಿಲ್ಲ. ಆದ್ದರಿಂದ ಗೋಡೆಯ ಬೆನ್ನಿಗೆ, ತಳದಿಂದ ಮೇಲಿನವರೆಗೆ ಸುಮಾರು 60 ಸೆಂಟಿಮೀಟರ್ ದಪ್ಪ ಜಲ್ಲಿ ತುಂಬಬೇಕು. ಗೋಡೆ ಏರಿದಂತೆ ಇದೂ ಏರಬೇಕು. ಗೋಡೆ ಮುಗಿದ ಮೇಲೆ ಮೇಲಿನಿಂದ ಸುರಿದರೆ ಮಣ್ಣು, ಜಲ್ಲಿ ಬೆರೆತುಹೋಗುತ್ತವೆ. ಜಲ್ಲಿಗೂ ಮಣ್ಣಿಗೂ ನಡುವೆ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಕಬೇಕು. ಅದಿಲ್ಲದಿದ್ದರೆ ನುಣ್ಣನೆ ಮಣ್ಣು ಜಲ್ಲಿಯ ಸಂದಿಗೆ ಇಳಿದು, ಕೆಲವು ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ.

ಜಲ್ಲಿಯ ಬುಡದಲ್ಲಿ ಉದ್ದಕ್ಕೂ ತೂತಿನ ಪೈಪು ಹಾಕಿ, ಗೋಡೆಯ ಉದ್ದ ಮುಗಿಯುವ ಪಕ್ಕದಿಂದ ಹೊರಗೆ ತೆಗೆಯಿರಿ. ಗೋಡೆಯಲ್ಲಿ 3ರಿಂದ 4 ಇಂಚಿನ ಪೈಪುಗಳನ್ನು ಒಂದೂವರೆ ಮೀಟರಿಗೊಂದರಂತೆ, ಒಂದು ಸಾಲಿನ ನಡುವೆ ಇನ್ನೊಂದು ಸಾಲಿನದು ಬರುವಂತೆ, ಹೊರಗೆ ಇಳಿಜಾರಾಗಿ ಕೂರಿಸಿ. ಕೆಳಸಾಲು ಹೊರಗಿನ ನೆಲಕ್ಕಿಂತ ಸ್ವಲ್ಪವೇ ಮೇಲಿರಲಿ. ಅದು ಎತ್ತರದಲ್ಲಿದ್ದಷ್ಟೂ ಅದರ ಕೆಳಗೆ ನೀರು ನಿಲ್ಲುತ್ತದೆ. ಕಣದ ಮೇಲಿನ ನೀರನ್ನು ಗೋಡೆಯ ಕಡೆಗೆ ಬಿಡದೆ ಪಕ್ಕದ ಚರಂಡಿಗೆ ತಿರುಗಿಸಿ.

ಜೋರು ಮಳೆಯಲ್ಲಿ ಒಮ್ಮೆ ಹೋಗಿ ಆ ಪೈಪುಗಳನ್ನು ನೋಡಿ. ತಿಳಿನೀರು ಬರುತ್ತಿದ್ದರೆ ಸರಿ. ಕೆಸರು ಬಂದರೆ ಒಳಗಿನ ಮಣ್ಣು ಕೊಚ್ಚಿ ಬರುತ್ತಿದೆ. ಸುತ್ತೆಲ್ಲ ಒರತೆ ಎದ್ದಿರುವಾಗ ಪೈಪು ಒಣಗಿದ್ದರೆ ಅದೇ ಜಾಸ್ತಿ ಅಪಾಯ, ನೀರು ಒಳಗೇ ನಿಂತಿರಬಹುದು. ಕಣದ ಸಿಮೆಂಟು ನೆಲಕ್ಕೂ ಗೋಡೆಗೂ ನಡುವೆ ಹೊಸ ಬಿರುಕು ಕಂಡರೆ ಅದರ ಅಗಲ ಗುರುತು ಹಾಕಿಡಿ, ವಾರ ಬಿಟ್ಟು ಮತ್ತೆ ಅಳೆಯಿರಿ.

ಇನ್ನೊಂದು ಮಾತು ಟ್ರ್ಯಾಕ್ಟರಿನದು. ಕಣದ ಮೇಲೆ ಚದರ ಮೀಟರಿಗೆ 1 ಟನ್ ಹೊರೆ ಬಿದ್ದರೆ ನೂಕಿಗೆ ಇನ್ನೊಂದು ಟನ್ ಸೇರುತ್ತದೆ, ಜಾರುವ ಲೆಕ್ಕ 1.12ಕ್ಕೆ ಕುಸಿಯುತ್ತದೆ. ಅದನ್ನು ತಾಳಲು ತಳ 2.6 ಮೀಟರ್ ಆಗಬೇಕು. ಅದಕ್ಕಿಂತ ಅಂಚಿನಿಂದ 2 ಮೀಟರ್ ಒಳಗೆ ಸಾಲಾಗಿ ಕಲ್ಲು ನೆಟ್ಟು ಗಾಡಿ ಅತ್ತ ಹೋಗದಂತೆ ಮಾಡುವುದು ಅಗ್ಗ. ಗೋಡೆಯನ್ನು ನೂಕುವ ಮಣ್ಣಿನ ಪಾಲು ಮೇಲ್ಗಡೆ ಸುಮಾರು 1.7 ಮೀಟರಿನವರೆಗೆ ಮಾತ್ರ ಹರಡಿರುತ್ತದೆ.

ಈ ಅಳತೆಗಳು ಹಿಂದೆ ಮಟ್ಟಸ ನೆಲವಿರುವ 3 ಮೀಟರಿನ ಗೋಡೆಗೆ ಮಾತ್ರ. ಗೋಡೆಯ ಮೇಲೆ ಮತ್ತೆ ಧರೆ ಏರಿದ್ದರೆ ನೂಕು ಬೇರೆ. ಗೋಡೆಯನ್ನೂ ಸೇರಿಸಿಕೊಂಡು ಇಡೀ ಗುಡ್ಡವೇ ಕುಸಿಯುವುದನ್ನು ಈ ಮೂರು ಲೆಕ್ಕ ಹಿಡಿಯುವುದೇ ಇಲ್ಲ. 2018ರ ಮಳೆಯಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರಿಗೆ ಈ ವ್ಯತ್ಯಾಸ ಗೊತ್ತು. ಅಂಥ ಜಾಗದಲ್ಲಿ ಪಾಯ ತೋಡುವ ಮೊದಲೇ ಮಣ್ಣು ಪರೀಕ್ಷಿಸುವ ಎಂಜಿನಿಯರನ್ನು ಕರೆಸಿ.