ಶೆಫೀಲ್ಡಿನ ಚಳಿಯಲ್ಲಿ ಬೆವರದೆ ಮಲಗುವುದು

ರಾತ್ರಿ ಹನ್ನೊಂದಕ್ಕೆ ನಡುಕ. ಎರಡು ಗಂಟೆಗೆ ಬೆವರು. ನಾಲ್ಕೂವರೆಗೆ ಒದ್ದೆ ಬಟ್ಟೆಯಲ್ಲಿ ಮತ್ತೆ ನಡುಕ. ಇಂಗ್ಲೆಂಡಿಗೆ ಬಂದ ನಮ್ಮ ಕಡೆಯವರು ಮೊದಲನೆಯದು ಮತ್ತು ಕೊನೆಯದನ್ನು ಮಾತ್ರ ಹೇಳಿಕೊಳ್ಳುತ್ತಾರೆ. ನಿಜವಾಗಿ ನಿದ್ದೆ ಕೆಡಿಸುವುದು ನಡುವಿನ ಆ ಬೆವರು. ಅದು ಬಾರದಿದ್ದರೆ ನಾಲ್ಕೂವರೆಯ ಚಳಿಯೂ ಅಷ್ಟೊಂದು ಇರಲ್ಲ.

ನಾವು ಇರುವುದು ಶೆಫೀಲ್ಡಿನಲ್ಲಿ, ಸಾಲುಮನೆಗಳ ಹಳೇ ಬೀದಿಯಲ್ಲಿ. ಕಲ್ಲಿನ ಗೋಡೆ, ಎತ್ತರದ ಚಾವಣಿ, ಎಷ್ಟು ಕಾಯಿಸಿದರೂ ನಿಲ್ಲದ ಬಿಸಿ. 2022ರಲ್ಲಿ ಗ್ಯಾಸ್ ಮತ್ತು ಕರೆಂಟಿನ ದರ ಏರಿದ ಮೇಲೆ ರಾತ್ರಿ ಹತ್ತಕ್ಕೆ ಹೀಟಿಂಗ್ ಬಂದ್ ಮಾಡುವುದು ನಮ್ಮ ಮನೆಯಲ್ಲಿ ರೂಢಿಯಾಯಿತು. ಜನವರಿಯಲ್ಲಿ ಹೊರಗೆ ಮೈನಸ್ 3 ಇರುವ ರಾತ್ರಿ, ಮಲಗುವಾಗ 17 ಡಿಗ್ರಿ ಇದ್ದ ಕೋಣೆ ಬೆಳಗಿನ ಜಾವಕ್ಕೆ 12ಕ್ಕೆ ಇಳಿದಿರುತ್ತದೆ. ನಾನು ಇಲ್ಲಿ ಬರೆಯುತ್ತಿರುವುದು ಅಂಥ ರಾತ್ರಿಯ ಲೆಕ್ಕ.

ಮೊದಲು ಒಂದು ವಿಷಯ. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಬಿಸಿ ಸ್ವಲ್ಪ ಇಳಿಯಬೇಕು. ಕೈಕಾಲಿನ ರಕ್ತನಾಳಗಳು ಅಗಲವಾಗಿ ಆ ಬಿಸಿಯನ್ನು ಹೊರಗೆ ಬಿಡುತ್ತವೆ. ಅದಕ್ಕೇ ಪಾದ ತಣ್ಣಗಿದ್ದರೆ ನಿದ್ದೆ ಬೇಗ ಬರಲ್ಲ, ಪಾದ ಬೆಚ್ಚಗಾದರೆ ಬರುತ್ತದೆ. ಆದರೆ ಸ್ವೆಟರು, ದಪ್ಪ ಪೈಜಾಮ, ಎರಡು ರಗ್ಗು, ಎದೆಗೆ ಒಂದು ಬಿಸಿನೀರಿನ ಚೀಲ, ಎಲ್ಲಾ ಒಟ್ಟಿಗೆ ಹಾಕಿಕೊಂಡು ಮಲಗಿದರೆ ಮೈ ಬಿಡುವ ಬಿಸಿ ಹೋಗುವುದಾದರೂ ಎಲ್ಲಿಗೆ? ಆಗ ಮೈ ಬೆವರುತ್ತದೆ. ಮೈಯ ಬಿಸಿ ಅತಿ ಕಡಿಮೆ ಇರುವುದು ಬೆಳಗಿನ ಜಾವ ನಾಲ್ಕೈದು ಗಂಟೆಯ ಹೊತ್ತಿಗೆ, ಕೋಣೆ ತಣ್ಣಗಾಗುವುದೂ ಆಗಲೇ. ಕನಸಿನ ನಿದ್ದೆ ಜಾಸ್ತಿ ಇರುವುದೂ ಆ ಹೊತ್ತಿನಲ್ಲೇ, ಆಗ ನಡುಗಿ ಬಿಸಿ ಮಾಡಿಕೊಳ್ಳುವುದು, ಬೆವರಿ ತಣ್ಣಗಾಗುವುದು ಎರಡೂ ಮೈಗೆ ಸರಿಯಾಗಿ ಆಗಲ್ಲ. ಅಂದರೆ ಹತ್ತು ಗಂಟೆಯ ಚಳಿ ನೋಡಿ ಹೊದ್ದರೆ ಎರಡು ಗಂಟೆಗೆ ಜಾಸ್ತಿಯಾಗುತ್ತದೆ, ಎರಡು ಗಂಟೆಗೆ ಸರಿಯಾಗುವಷ್ಟು ಹೊದ್ದರೆ ನಾಲ್ಕಕ್ಕೆ ಸಾಲುವುದಿಲ್ಲ.

ಹತ್ತು ಗಂಟೆಗೆ ಅಷ್ಟು ಚಳಿ ಅನಿಸುವುದು ಹಾಸಿಗೆ ತಣ್ಣಗಿರುವುದಕ್ಕೆ. ಹಾಗಾಗಿ ನಾನು ಚೀಲವನ್ನು ಹಾಸಿಗೆ ಕಾಯಿಸುವುದಕ್ಕೆ ಬಳಸುತ್ತೇನೆ, ಮೈ ಕಾಯಿಸುವುದಕ್ಕಲ್ಲ. ಇದರ ಹಿಂದೆ ಒಂದು ಸಣ್ಣ ಲೆಕ್ಕ ಇದೆ. ನಮ್ಮ ಚೀಲ 2 ಲೀಟರಿನದು, ಅದಕ್ಕೆ ಮೂರರಲ್ಲಿ ಎರಡು ಪಾಲು, ಅಂದರೆ ಸುಮಾರು 1.3 ಲೀಟರ್ ನೀರು ಹಾಕುತ್ತೇನೆ. ಆ ನೀರು 75 ಡಿಗ್ರಿಯಿಂದ 35ಕ್ಕೆ ಇಳಿಯುವಾಗ ಬಿಡುವ ಬಿಸಿ ಹೆಚ್ಚುಕಡಿಮೆ 60 ವಾಟ್-ಅವರ್. ಮಲಗಿರುವ ದೊಡ್ಡವರ ಮೈ ಗಂಟೆಗೆ ಸುಮಾರು 70ರಷ್ಟು ಬಿಡುತ್ತದೆ. ಇಡೀ ಚೀಲದ ಬಿಸಿ ನಿಮ್ಮದೇ ಮೈಯ ಒಂದು ಗಂಟೆಯ ಬಿಸಿಗೂ ಸಮ ಇಲ್ಲ! ರಾತ್ರಿಯಿಡೀ ಹಾಸಿಗೆ ಕಾಯಿಸುವ ಒಲೆ ನೀವೇ. ಚೀಲ ಆ ಒಲೆ ಹೊತ್ತಿಸುವ ಪುಳ್ಳೆ ಅಷ್ಟೆ.

ನೀರಿನ ಹದ ಸುಲಭ. ಕೆಟಲ್‌ನಲ್ಲಿ ಒಂದು ಲೀಟರ್ ಕುದಿಸುತ್ತೇನೆ. ಚೀಲಕ್ಕೆ ಮೊದಲು ನಲ್ಲಿಯ ತಣ್ಣೀರು 300 ಎಂಎಲ್, ಆಮೇಲೆ ಕುದಿದ ನೀರು. ನಲ್ಲಿಯ ನೀರು ಈ ಕಾಲದಲ್ಲಿ 10 ಡಿಗ್ರಿಯ ಆಸುಪಾಸು ಇರುವುದರಿಂದ ಮಿಶ್ರಣ 80ರ ಒಳಗೇ ನಿಲ್ಲುತ್ತದೆ. ಕುದಿಯುವ ನೀರನ್ನೇ ಸುರಿದರೆ ರಬ್ಬರು ಬೇಗ ಹಾಳಾಗುತ್ತದೆ, ಹಬೆ ಕೈಗೆ ಹೊಡೆಯುತ್ತದೆ. ಚೀಲವನ್ನು ಮಲಗಿಸಿ, ನೀರು ಬಾಯಿಗೆ ಬರುವವರೆಗೆ ನಿಧಾನಕ್ಕೆ ಅದುಮಿ, ಒಳಗಿನ ಗಾಳಿ ಹೊರಹಾಕಿ ಬಿರಡೆ ತಿರುಗಿಸಬೇಕು. ತಲೆಕೆಳಗೆ ಮಾಡಿ ಸಿಂಕಿನ ಮೇಲೆ ಒಂದು ಸಲ ನೋಡುವುದನ್ನು ಬಿಡಬೇಡಿ. ಹಾಸಿಗೆ ಒದ್ದೆಯಾದರೆ ಈ ದೇಶದಲ್ಲಿ ಒಣಗಿಸಲು ಮಾರ್ಚ್ ಬರಬೇಕು.

ಒಂಬತ್ತೂಮುಕ್ಕಾಲಿಗೆ ಚೀಲ ಹೊದಿಕೆಯ ಒಳಗೆ ಹೋಗುತ್ತದೆ, ಕಾಲ ಬುಡಕ್ಕಲ್ಲ, ಬೆನ್ನು ಬರುವ ಜಾಗಕ್ಕೆ. ಹೊದಿಕೆಯನ್ನು ದಿಂಬಿನ ತನಕ ಎಳೆದು ಮುಚ್ಚಿಬಿಡುತ್ತೇನೆ. ಅರ್ಧ ಗಂಟೆ ಬಿಟ್ಟು ಮಲಗುವಾಗ ಅದನ್ನು ಪಾದದ ಕಡೆ ತಳ್ಳುತ್ತೇನೆ. ಪಾದ ಬೆಚ್ಚಗಾಯಿತು, ಕಣ್ಣು ಎಳೆಯುತ್ತಿದೆ ಅನಿಸಿದಾಗ ಕಾಲಲ್ಲೇ ಹಾಸಿಗೆಯ ಅಂಚಿನಿಂದ ಹೊರಗೆ ಹಾಕುತ್ತೇನೆ. ಕೆಳಗೆ ಒಂದು ಹಳೇ ಟವೆಲು ಇರುತ್ತದೆ. ಚೀಲವನ್ನು ತಬ್ಬಿಕೊಂಡು ನಿದ್ದೆ ಹೋಗುವುದು ಹಿತವೇ, ಆದರೆ ಎರಡು ಗಂಟೆಯ ಬೆವರಿಗೆ ಅರ್ಧ ಕಾರಣ ಅದೇ.

ಇನ್ನು ಪದರಗಳು. ಜನ ಮೇಲೆ ಹೊದೆಯುವುದನ್ನೇ ಹೆಚ್ಚಿಸುತ್ತಾ ಹೋಗುತ್ತಾರೆ, ಕೆಳಗಿನದನ್ನು ಮರೆಯುತ್ತಾರೆ. ಸ್ಪ್ರಿಂಗ್ ಹಾಸಿಗೆಯ ಒಳಗೆಲ್ಲ ಗಾಳಿ, ಅದರ ಮೂಲಕ ಬೆನ್ನಿನ ಬಿಸಿ ಸೋರುತ್ತದೆ. ಧಾರವಾಡದಿಂದ ತಂದ ಕರಿ ಕಂಬಳಿಯನ್ನು ನಾನು ಹಾಸಿಗೆಯ ಮೇಲೆ, ಬೆಡ್‌ಶೀಟಿನ ಕೆಳಗೆ ಹಾಸಿದ್ದೇನೆ. ಹೊದ್ದರೆ ಚುಚ್ಚುವ ಕಂಬಳಿ ಅಲ್ಲಿ ಯಾರಿಗೂ ಚುಚ್ಚಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲಿನಷ್ಟು ನೀರಾವಿಯನ್ನು ಹೀರಿಯೂ ಒದ್ದೆ ಅನಿಸುವುದಿಲ್ಲ. ನಿಮ್ಮದು ಮೆಮೊರಿ ಫೋಮ್ ಹಾಸಿಗೆಯಾದರೆ ಕಂಬಳಿ ಬೇಡ, ಅದು ಬಿಸಿಯನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಕೆಲವರಿಗೆ ಅದೇ ಜಾಸ್ತಿ.

ಮೈಮೇಲೆ ತೆಳು ಹತ್ತಿಯ ತುಂಬುತೋಳಿನ ಅಂಗಿ, ಸಡಿಲ ಪೈಜಾಮ, ಸಡಿಲ ಕಾಲುಚೀಲ, ತಲೆಗೆ ಟೋಪಿ. ಅಷ್ಟೇ. ಇಲ್ಲಿ ಅಂಗಡಿಗಳಲ್ಲಿ ಸಿಗುವ ಫ್ಲೀಸ್ ಪೈಜಾಮ ಮುಟ್ಟಿದರೆ ಮೆತ್ತಗೆ, ಆದರೆ ಅದು ಪಾಲಿಯೆಸ್ಟರ್. ಬೆವರು ಹೀರದೆ ಚರ್ಮದ ಮೇಲೇ ಬಿಡುತ್ತದೆ. ಬಟ್ಟೆಯ ಇನ್ನೊಂದು ತೊಂದರೆ ಏನೆಂದರೆ, ನಿದ್ದೆಗಣ್ಣಿನಲ್ಲಿ ಹೊದಿಕೆ ಸರಿಸಬಹುದು, ಸ್ವೆಟರ್ ಬಿಚ್ಚಲಾಗದು. ಆದ್ದರಿಂದ ಸೆಕೆ ಆಗುತ್ತಿದ್ದರೆ ಮೊದಲು ಕಡಿಮೆ ಮಾಡಬೇಕಾದ್ದು ಬಟ್ಟೆ, ಹೊದಿಕೆ ಅಲ್ಲ.

ಹೊದಿಕೆಯಲ್ಲಿ ಮೈಗೆ ತಾಗುವಂತೆ ಕೌದಿ. ಹಳೇ ಸೀರೆಗಳ ಪದರ, ಹತ್ತಿ, ಬೆವರು ಹೀರುತ್ತದೆ. ಅದರ ಮೇಲೆ ಡುವೆಟ್. ಇಲ್ಲಿ ಡುವೆಟ್‌ಗೆ ‘ಟಾಗ್’ ಅಂತ ಒಂದು ಅಳತೆ ಇದೆ, ಬೇಸಿಗೆಗೆ 4.5, ಸಾಧಾರಣಕ್ಕೆ 10.5, ಕಡು ಚಳಿಗೆ 13.5. ಚಳಿ ಅಂದ ಕೂಡಲೇ 13.5 ಕೊಳ್ಳುವವರು ಜಾಸ್ತಿ. ನನಗೆ 10.5 ಸಾಕು, ಏಕೆಂದರೆ ಕೌದಿ ಇದೆ, ಕೌದಿಯನ್ನು ಒದ್ದು ಬಿಡಬಹುದು, 13.5ರಲ್ಲಿ 3 ಟಾಗ್ ಮಾತ್ರ ಒದೆಯಲಾಗುವುದಿಲ್ಲ. ಕೌದಿಯನ್ನು ಡುವೆಟ್‌ನ ಮೇಲೆ ಹಾಕಬಾರದು. ಡುವೆಟ್ ಬೆಚ್ಚಗಿರುವುದು ಒಳಗಿನ ಗಾಳಿಯಿಂದ, ಭಾರ ಬಿದ್ದರೆ ಅದು ಚಪ್ಪಟೆಯಾಗಿ ಆ ಗಾಳಿ ಹೋಗುತ್ತದೆ.

ನಾಲ್ಕು ಗಂಟೆಯ ಚಳಿಗೆ ಬೇರೆ ಏರ್ಪಾಡು. ಒಂದು ಹಗುರ ಫ್ಲೀಸ್ ಹೊದಿಕೆಯನ್ನು ಉದ್ದಕ್ಕೆ ಮಡಚಿ ಗೋಡೆ ಬದಿಗೆ, ತಲೆಯಿಂದ ಕಾಲಿನವರೆಗೆ ಇಟ್ಟಿರುತ್ತೇನೆ. ಚರ್ಮಕ್ಕೆ ಬೇಡವಾದ ಫ್ಲೀಸ್ ಎಲ್ಲಕ್ಕಿಂತ ಮೇಲಿನ ಪದರಕ್ಕೆ ಒಳ್ಳೆಯದು. ಎಚ್ಚರವಾದರೆ ಏಳುವ ಹಾಗಿಲ್ಲ, ದೀಪ ಹಾಕುವ ಹಾಗಿಲ್ಲ, ಒಂದು ಕೈಯಲ್ಲಿ ಎಳೆದುಕೊಂಡರೆ ಮುಗಿಯಿತು. ಹೊದಿಕೆ ಕಾಲ ಬುಡದಲ್ಲಿ ಇದ್ದರೆ ಎದ್ದು ಕೂರಬೇಕು, ಅಷ್ಟರಲ್ಲಿ ಒಳಗಿನ ಬಿಸಿಯೆಲ್ಲ ಖಾಲಿ. ಹೊರಳಿದಾಗ ಕುತ್ತಿಗೆಯ ಹತ್ತಿರದ ಸಂದಿಯಿಂದಲೂ ಬಿಸಿ ಗಾಳಿ ಹೊರಗೆ ನುಗ್ಗುತ್ತದೆ, ಭುಜಕ್ಕೊಂದು ತೆಳು ಶಾಲು ಇದ್ದರೆ ಅದು ನಿಲ್ಲುತ್ತದೆ. ಸೆಕೆಯಾದರೆ ಅದೇ ಸಂದಿಯನ್ನು ಬೇಕೆಂದೇ ತೆರೆಯಿರಿ.

ಜಾಸ್ತಿ ಆಯಿತೋ ಇಲ್ಲವೋ ತಿಳಿಯಲು ಕೈಕಾಲು ಮುಟ್ಟಿ ನೋಡಬೇಡಿ. ಕುತ್ತಿಗೆಯ ಹಿಂಭಾಗಕ್ಕೆ, ಎದೆಯ ನಡುವೆ ಕೈ ಇಡಿ. ಒಣಗಿ ಬೆಚ್ಚಗಿದ್ದರೆ ಸರಿ, ಅಂಟಂಟಾಗಿದ್ದರೆ ಒಂದು ಪದರ ತೆಗೆಯಿರಿ. ಬದಲಾಯಿಸುವಾಗ ರಾತ್ರಿಗೊಂದೇ ಬದಲಾಯಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಗೊತ್ತಾಗಲ್ಲ. ನಮ್ಮ ಮನೆಯವರದ್ದಂತೂ ಬೇರೆಯೇ ಮೈ. ಅವರಿಗೆ ಡಿಸೆಂಬರಿನಲ್ಲೂ 4.5 ಟಾಗ್ ಸಾಕು, ಚೀಲ ಬೇಡವೇ ಬೇಡ. ಒಂದೇ ಡುವೆಟ್ ಹಂಚಿಕೊಂಡರೆ ಒಬ್ಬರಿಗೆ ಚಳಿ, ಇನ್ನೊಬ್ಬರಿಗೆ ಸೆಕೆ, ಇಬ್ಬರಿಗೂ ಸಿಟ್ಟು. ಒಂದೇ ಮಂಚಕ್ಕೆ ಎರಡು ಸಿಂಗಲ್ ಡುವೆಟ್ ತಂದೆವು.

ಇದೆಲ್ಲ ಎಲ್ಲರಿಗೂ ಹೊಂದುವುದಿಲ್ಲ. ಒಂದು ಚಳಿಗಾಲ ಅತ್ತೆ ಬಂದಿದ್ದರು, ಸಕ್ಕರೆ ಕಾಯಿಲೆ ಹಳೆಯದು. ಚೀಲವನ್ನು ಪಾದದ ಹತ್ತಿರ ಇಟ್ಟೆ. "ಇದು ಬಿಸಿ ಐತೇನ? ನನಗೇನೂ ಗೊತ್ತಾಗವಲ್ತು" ಅಂದರು. ನನ್ನ ಕೈಗೆ ಅದು ಚೆನ್ನಾಗಿ ಬಿಸಿ ಇತ್ತು. ತಕ್ಷಣ ತೆಗೆದೆ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಮಂದವಾಗಿದ್ದರೆ ಸುಡುವುದೂ ಗೊತ್ತಾಗುವುದಿಲ್ಲ. ಮುಟ್ಟಿದರೆ ಹಿತ ಅನಿಸುವ 44 ಡಿಗ್ರಿ ಕೂಡ ಒಂದೇ ಜಾಗಕ್ಕೆ ಆರು ಗಂಟೆ ತಾಗಿಕೊಂಡಿದ್ದರೆ ಚರ್ಮ ಸುಡುತ್ತದೆ, ಬಿಸಿ ಹೆಚ್ಚಿದಷ್ಟೂ ಬೇಗ. ಅವರ ಹಾಸಿಗೆಯನ್ನು ಚೀಲದಿಂದ ಕಾಯಿಸಿ, ಅವರು ಮಲಗುವ ಮೊದಲೇ ಚೀಲ ಹೊರಗೆ ತೆಗೆಯುತ್ತಿದ್ದೆ. ಅವರ ಕೋಣೆಯ ಹೀಟಿಂಗನ್ನು ಮಾತ್ರ ರಾತ್ರಿಯಿಡೀ 18 ಡಿಗ್ರಿಗೆ ಬಿಟ್ಟಿದ್ದೆವು. ವಯಸ್ಸಾದವರಿಗೆ 12 ಡಿಗ್ರಿಯ ಕೋಣೆ ಉಳಿತಾಯ ಅಲ್ಲ. ಎಳೆ ಮಕ್ಕಳ ಹಾಸಿಗೆಯಲ್ಲೂ ಚೀಲ ಇಡಬೇಡಿ. ಇನ್ನು ನಮ್ಮಂಥವರಿಗೂ, ದಿನಾ ಹೊಟ್ಟೆಗೋ ಸೊಂಟಕ್ಕೋ ಇಟ್ಟುಕೊಂಡೇ ಇದ್ದರೆ ಚರ್ಮದ ಮೇಲೆ ಬಲೆಯ ಹಾಗೆ ಕಂದು ಗೆರೆ ಮೂಡುತ್ತದೆ. ಅದು ಕಂಡರೆ ನಿಲ್ಲಿಸಬೇಕು.

ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಸರಿಮಾಡಿ ಮುಚ್ಚಬೇಡಿ. ರಾತ್ರಿಯ ತೇವ ಒಳಗೇ ಉಳಿದರೆ ಮರುದಿನ ಹಾಸಿಗೆ ಇನ್ನೂ ತಣ್ಣಗಿರುತ್ತದೆ, ಗೋಡೆ ಕಡೆ ಬೂಷ್ಟು ಹಿಡಿಯುತ್ತದೆ. ಹೊದಿಕೆಯನ್ನೆಲ್ಲ ಕಾಲಿನ ಕಡೆಗೆ ಮಡಚಿ, ಕಿಟಕಿ ಹತ್ತು ನಿಮಿಷ ತೆರೆದಿಟ್ಟು, ಗಾಜಿನ ನೀರು ಒರೆಸಿ ಹೋಗುತ್ತೇನೆ.

ಚೀಲದ ವಯಸ್ಸು ನೋಡುವುದೂ ಸುಲಭ. ಇಲ್ಲಿ ಸಿಗುವ ರಬ್ಬರ್ ಚೀಲದ ಕುತ್ತಿಗೆಯ ಹತ್ತಿರ ಒಂದು ಹೂವಿನ ಅಚ್ಚು ಇರುತ್ತದೆ. ನಡುವಿನ ಅಂಕಿ ವರ್ಷ, ಹನ್ನೆರಡು ಎಸಳು ತಿಂಗಳು, ಎಸಳೊಳಗಿನ ಚುಕ್ಕೆ ವಾರ. ಅದು ತಯಾರಾದ ದಿನ, ಕೊಂಡ ದಿನ ಅಲ್ಲ. ಎರಡು ವರ್ಷ ದಾಟಿದ್ದರೆ, ಅಥವಾ ಮಡಚಿದಾಗ ಸಣ್ಣ ಬಿರುಕು ಕಂಡರೆ ಬಿಸಾಡುತ್ತೇನೆ. ಅಂಗಡಿಯಲ್ಲೂ ಕೊಳ್ಳುವ ಮೊದಲು ಕವರು ಸರಿಸಿ ಹೂವು ನೋಡಿ. ಚಳಿಗಾಲ ಮುಗಿದ ಮೇಲೆ ನೀರು ಪೂರಾ ಬಸಿದು, ಬಿರಡೆ ತೆಗೆದು, ಬಿಸಿಲು ಬೀಳದ ಜಾಗದಲ್ಲಿ ತಲೆಕೆಳಗಾಗಿ ನೇತುಹಾಕಬೇಕು, ಮೇಲೆ ಏನೂ ಹೇರಬಾರದು.