ಶಾಲೆಯಲ್ಲಿ ಕಿರುಚಿತ್ರ: ಪ್ರಾಂಶುಪಾಲರಿಗೆ ಪತ್ರ ಬರೆಯುವಾಗ

ಕಾಸರಗೋಡಿನ ಗೆಳೆಯರೇ, ಶಾಲೆಯಲ್ಲಿ ಚಿತ್ರೀಕರಣಕ್ಕೆ ಅನುಮತಿ ಕೇಳುವವರು ಪತ್ರದಲ್ಲಿ ಕಥೆಯನ್ನೇ ಎರಡು ಪುಟ ಹೇಳುತ್ತಾರೆ. ಪ್ರಾಂಶುಪಾಲರ ಚಿಂತೆ ಬೇರೆ: ಬೀಗದ ಕೈ ಯಾರ ಬಳಿ, ಸಂಜೆ ಬಾಗಿಲು ಹಾಕುವವರು ಯಾರು? “ಶನಿವಾರ, ಭಾನುವಾರ ಶಾಲೆ ಬೇಕು” ಎಂದಷ್ಟೇ ಬರೆದಿದ್ದ ನಮ್ಮ ಮೊದಲ ಪತ್ರ ಮೇಜಿನ ಮೇಲೆಯೇ ಉಳಿಯಿತು. ಎರಡನೆಯದರಲ್ಲಿ ಹೀಗೆ ಬರೆದೆವು:

“ಎರಡೂ ದಿನ ಬೆಳಗ್ಗೆ 8ರಿಂದ ಸಂಜೆ 5ರವರೆಗೆ ಎಂಟನೇ ತರಗತಿಯ ಒಂದು ಕೊಠಡಿ ಮತ್ತು ಅದರ ಮುಂದಿನ ಜಗಲಿ ಸಾಕು. ನಾವು 9 ಮಂದಿ. ದೀಪಗಳು ಬ್ಯಾಟರಿಯವು. ಬೆಂಚು ಸರಿಸುವ ಮೊದಲು ಫೋಟೊ ತೆಗೆದು, ಸಂಜೆ ಇದ್ದಂತೆಯೇ ಇಡುತ್ತೇವೆ. ಬೀಗದ ಕೈ ಪಡೆದು ಹಿಂದಿರುಗಿಸುವ ಹೊಣೆ ನನ್ನದು.”

ಎರಡೇ ದಿನದಲ್ಲಿ ಒಪ್ಪಿಗೆ ಸಿಕ್ಕಿತು.

ಅನುದಾನಿತ ಶಾಲೆಯಾದರೆ ಕಟ್ಟಡ ಮ್ಯಾನೇಜರರದು. ಒಂದು ಪ್ರತಿ ಅವರಿಗೂ ಕೊಡಿ. ರಜಾದಿನವೆಂದು ನಂಬಿ ದಿನಾಂಕ ಹಾಕಬೇಡಿ, ಪಿಎಸ್‌ಸಿ ಪರೀಕ್ಷೆಗೆ ಶಾಲೆಯನ್ನು ಕೊಟ್ಟಿರಬಹುದು. ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಮಕ್ಕಳು ನಟಿಸುವುದಾದರೆ ಹೆತ್ತವರ ಒಪ್ಪಿಗೆ ಪತ್ರವನ್ನೂ ಲಗತ್ತಿಸಿ. ಬಾಯಿಮಾತಿನ “ಆಯಿತು” ಸಾಲದು, ನಿಮ್ಮ ಪ್ರತಿಯ ಮೇಲೆ ಸಹಿ, ಮೊಹರು ಹಾಕಿಸಿಕೊಳ್ಳಿ. ಭಾನುವಾರ ಗೇಟಿನಲ್ಲಿ ಕಾವಲುಗಾರರು ಕೇಳುವುದು ಅದನ್ನೇ.